ಮೂರು ಬೀಪ್, ನಾಲ್ಕನೆಯದಕ್ಕೆ ಮಾತು

ಕಾರವಾರದ ಬೈತಖೋಲ ಬಂದರಿನ ಹೊರಗೆ, ದೋಣಿಯ ಮೇಲೆ ಒಂದು ಕಿರುಚಿತ್ರದ ದೃಶ್ಯ ತೆಗೆದೆವು. ಚಿತ್ರ ಚೆನ್ನಾಗಿಯೇ ಬಂತು. ಮಾತು ಮಾತ್ರ ಕೈಕೊಟ್ಟಿತು. ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಹುಡುಗನ ದನಿ ಅರ್ಧ ಮುಳುಗಿಹೋಗಿತ್ತು. ಸೌಂಡ್ ತೊಳೆಯುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಎಂಜಿನ್ ಜೊತೆಗೆ ಮಾತಿನ ಜೀವವೂ ಹೋಗುತ್ತಿತ್ತು. ಕೊನೆಗೆ ಶಿರಸಿಯ ನಮ್ಮ ಮನೆಯ ಒಳಕೋಣೆಯಲ್ಲೇ ಡಬ್ ಮಾಡೋಣ ಅಂತ ಕೂತೆವು.

ಇಲ್ಲಿ ಒಂದೇ ಒಂದು ಸಾಲನ್ನು ಹಿಡಿದು ಹೇಳುತ್ತೇನೆ. ಬಲೆ ಹಿಡಿದು ನಿಂತ ಮಗ ಅಪ್ಪನಿಗೆ ಕೂಗಿ ಹೇಳುವ ಮಾತು: ‘ಮಳೆ ಬರ್ತದೆ ಅಪ್ಪಾ, ಬಲೆ ಎತ್ತುವ.’

ಮೊದಲು ತುಟಿ ಓದಿ

ಹಾಳಾದ ಮೂಲ ಧ್ವನಿಯನ್ನು ಎಸೆಯಬೇಡಿ. ಡಬ್ಬಿಂಗ್‌ನವರು ಅದನ್ನು ಪೈಲಟ್ ಎನ್ನುತ್ತಾರೆ. ಎಷ್ಟೇ ಗಲೀಜಾಗಿದ್ದರೂ ಮಾತಿನ ಓಟ, ಏರಿಳಿತ ಎಲ್ಲ ಅದರಲ್ಲೇ ಇರುತ್ತದೆ. ಆ ಸಾಲಿಗೆ ನಾಲ್ಕು ಸೆಕೆಂಡ್ ಮೊದಲಿನಿಂದ ಎರಡು ಸೆಕೆಂಡ್ ನಂತರದವರೆಗೆ ಚಿತ್ರವನ್ನು ಕತ್ತರಿಸಿಕೊಂಡು, ಮತ್ತೆ ಮತ್ತೆ ತಾನಾಗಿ ಓಡುವ ಹಾಗೆ ಇಟ್ಟುಕೊಳ್ಳಿ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಫ್ರೇಮ್ ಲೆಕ್ಕವನ್ನೇ ಕೊಡಬೇಕು. ನಮ್ಮದು ಸೆಕೆಂಡಿಗೆ 24 ಫ್ರೇಮ್. ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಆದರೆ ಫ್ರೇಮ್‌ಗಳು ಒಂದೇ ವೇಗದಲ್ಲಿ ಇರುವುದಿಲ್ಲ, ಅದನ್ನು ಮೊದಲೇ ಸಮ ವೇಗಕ್ಕೆ ಬದಲಾಯಿಸಿಕೊಳ್ಳಿ. ಇಲ್ಲವಾದರೆ ಮೊದಲ ಸಾಲು ಕೂತು, ಹತ್ತನೇ ಸಾಲು ಜಾರುತ್ತದೆ.

ಈಗ ಸದ್ದು ಮುಚ್ಚಿ, ಒಂದೊಂದೇ ಫ್ರೇಮ್ ಸರಿಸುತ್ತ ತುಟಿಯನ್ನು ನೋಡಿ. ನೋಡುವವರ ಕಣ್ಣಿಗೆ ಸಿಗುವುದು ತುಟಿ ಮುಚ್ಚುವ ಅಕ್ಷರಗಳು ಮಾತ್ರ: ಪ, ಬ, ಮ. ವ, ಫ ಸ್ವಲ್ಪ ಕಾಣುತ್ತವೆ. ಳ, ತ, ದ, ಕ ಎಲ್ಲ ಬಾಯಿಯ ಒಳಗಿನ ಕೆಲಸ. ಹುಡುಗ ‘ಬರ್ತದೆ’ ಬದಲು ‘ಬತ್ತದೆ’ ಅಂದರೂ ಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ‘ಅಪ್ಪಾ’ ಬದಲು ‘ಅಣ್ಣಾ’ ಅಂದರೆ ಮಾತ್ರ ಅಲ್ಲೇ ಸಿಕ್ಕಿಬೀಳುತ್ತಾನೆ.

ನಮ್ಮ ಸಾಲಿನಲ್ಲಿ ‘ಮಳೆ’ಯ ಮ ಶುರುವಾಗುವುದು 00:03:12:08ಕ್ಕೆ. ಇದರಲ್ಲಿ ಮೊದಲಿನದು ಗಂಟೆ, ಆಮೇಲೆ ನಿಮಿಷ, ಸೆಕೆಂಡ್, ಕೊನೆಯದು ಫ್ರೇಮ್. ‘ಅಪ್ಪಾ’ದಲ್ಲಿ ತುಟಿ ಮುಚ್ಚುವುದು 00:03:13:04ಕ್ಕೆ, ಬಿಚ್ಚುವುದು 00:03:13:09ಕ್ಕೆ. ಅಂದರೆ ಒತ್ತಕ್ಷರಕ್ಕೆ ಐದು ಫ್ರೇಮ್ ಬಾಯಿ ಮುಚ್ಚಿಯೇ ಇದೆ. ಒಂಟಿ ಬ ಆಗಿದ್ದರೆ ಎರಡು ಫ್ರೇಮಿನಲ್ಲಿ ಮುಗಿಯುತ್ತಿತ್ತು. ಕನ್ನಡದಲ್ಲಿ ಡಬ್ ಮಾಡುವಾಗ ಈ ಒತ್ತಕ್ಷರಗಳೇ ಗೂಟ ಇದ್ದ ಹಾಗೆ. ಅವು ಸರಿಯಾಗಿ ಕೂತರೆ ಉಳಿದದ್ದು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ.

ಇಲ್ಲೊಂದು ಸಣ್ಣ ವಿಷಯವನ್ನು ಹೊಸಬರು ತಪ್ಪಿಸುತ್ತಾರೆ. ಮ ಅಕ್ಷರದ ಸದ್ದು ತುಟಿ ಮುಚ್ಚಿರುವಾಗಲೇ, ಮೂಗಿನಿಂದ ಶುರುವಾಗುತ್ತದೆ. ಪ ಹಾಗಲ್ಲ. ಮುಚ್ಚಿರುವಾಗ ಮೌನ, ಬಿಚ್ಚಿದಾಗ ಸದ್ದು. ಹಾಗಾಗಿ ಮ ಇದ್ದರೆ ಮುಚ್ಚಿದ ಫ್ರೇಮಿಗೆ ಗುರುತು ಹಾಕಿ, ಪ ಇದ್ದರೆ ಬಿಚ್ಚಿದ ಫ್ರೇಮಿಗೆ ಹಾಕಿ.

ಬೀಪ್ ಇಡುವುದು

ಪೈಲಟ್ ಕೇಳಿಸಿಕೊಂಡು ಹಿಂದೆಯೇ ಹೇಳುತ್ತೇನೆ ಅನ್ನುವವರು ಯಾವಾಗಲೂ ನಾಲ್ಕೈದು ಫ್ರೇಮ್ ತಡವಾಗುತ್ತಾರೆ. ಕಿವಿಗೆ ಬಿದ್ದು ಬಾಯಿಗೆ ಬರಲು ಅಷ್ಟು ಹೊತ್ತು ಬೇಕೇ ಬೇಕು. ಇದಕ್ಕೆ ಪರಿಹಾರ ಬೀಪ್. ಯಕ್ಷಗಾನದಲ್ಲಿ ಭಾಗವತರ ತಾಳ ಕೇಳುತ್ತ ಕೇಳುತ್ತ ವೇಷಧಾರಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತಿರುತ್ತದಲ್ವಾ, ಇದೂ ಹಾಗೆಯೇ.

1000 ಹರ್ಟ್ಸ್‌ನ ಸದ್ದನ್ನು ಎರಡು ಫ್ರೇಮ್ ಉದ್ದಕ್ಕೆ ಕತ್ತರಿಸಿ, ಬೇರೆಯೇ ಒಂದು ಟ್ರ್ಯಾಕ್‌ನಲ್ಲಿ ಮೂರು ಕಡೆ ಇಡಿ. ನಮ್ಮ ಮಾತು 00:03:12:08ಕ್ಕೆ. ಹಾಗಾದರೆ ಬೀಪ್‌ಗಳು 00:03:09:08, 00:03:10:08, 00:03:11:08ಕ್ಕೆ. ನಾಲ್ಕನೇ ಬೀಪ್ ಇಡಬೇಡಿ. ಅದು ಬೀಳಬೇಕಾದ ಜಾಗದಲ್ಲೇ ಮಾತು ಶುರುವಾಗುತ್ತದೆ. ಟಿಕ್, ಟಿಕ್, ಟಿಕ್, ‘ಮಳೆ’.

ಒಂದು ಸೆಕೆಂಡ್ ಅಂತರವೇ ಆಗಬೇಕು ಅಂತೇನೂ ಇಲ್ಲ. ಕೆಲವರಿಗೆ 16 ಫ್ರೇಮ್ ಅಂತರ ಇಷ್ಟ, ಅದು ಸ್ವಲ್ಪ ಚುರುಕು. ಆದರೆ ಒಂದು ಚಿತ್ರಕ್ಕೆ ಒಂದೇ ಅಂತರ ಇಟ್ಟುಕೊಳ್ಳಿ, ಮಧ್ಯದಲ್ಲಿ ಬದಲಿಸಿದರೆ ಕಲಾವಿದರಿಗೆ ಲಯ ತಪ್ಪುತ್ತದೆ. ನಮ್ಮ ಹುಡುಗ ಚಿತ್ರದಲ್ಲಿ ಮಾತಿಗೆ ಮುಂಚೆ ಬಾಯಿ ತೆರೆದು ಉಸಿರು ಎಳೆಯುತ್ತಾನೆ, 00:03:11:20ಕ್ಕೆ. ಅದೂ ರೆಕಾರ್ಡ್ ಆಗಬೇಕು. ‘ಮೂರನೇ ಟಿಕ್ ಮುಗಿದ ಮೇಲೆ ಉಸಿರು, ಆಮೇಲೆ ಮಾತು’ ಅಂತ ಹೇಳಿಕೊಟ್ಟೆವು. ಉಸಿರು ಹೊಂದಿದ ಮೇಲೆ ಮ ತಾನಾಗಿ ಜಾಗಕ್ಕೆ ಬಂತು.

ನಾವು ಹುಡುಗನನ್ನು ಸುಮ್ನೆ ಬೈದ ಸಂಜೆ

ಮೊದಲ ದಿನ ಒಂದೂ ಟೇಕ್ ಕೂರಲಿಲ್ಲ. ಒಂದು ಐದು ಫ್ರೇಮ್ ಹಿಂದೆ, ಇನ್ನೊಂದು ಎರಡು ಫ್ರೇಮ್ ಹಿಂದೆ. ಲಯವೇ ಇಲ್ಲ ನಿನಗೆ ಅಂತ ಹುಡುಗನಿಗೆ ಹೇಳಿದ್ದೂ ಆಯಿತು. ಆಮೇಲೆ ನೋಡಿದರೆ ತಪ್ಪು ನನ್ನದು, ಕೈಗೆ ಸಿಕ್ಕ ಬ್ಲೂಟೂತ್ ಹೆಡ್‌ಫೋನ್ ಕೊಟ್ಟಿದ್ದೆ. ಅದರಲ್ಲಿ ಸದ್ದು ಕಿವಿಗೆ ತಲುಪುವುದೇ ತಡ. ಅವನ ಕಣ್ಣು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಕಣ್ಣನ್ನು ನಂಬಿದಾಗ ಎರಡು ಫ್ರೇಮ್, ಕಿವಿಯನ್ನು ನಂಬಿದಾಗ ಐದು.

ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಮುಚ್ಚದಿದ್ದರೆ ಬೀಪ್ ಸೋರಿ ಮೈಕಿಗೆ ಬೀಳುತ್ತದೆ. ಪರೀಕ್ಷೆ ಸುಲಭ: ಒಂದು ಬೀಪ್ ಓಡಿಸುತ್ತ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ರೆಕಾರ್ಡ್ ಮಾಡಿ. ರೆಕಾರ್ಡ್ ಆದ ಬೀಪ್ ಮೂಲ ಬೀಪ್‌ನ ಕೆಳಗೇ ಕೂತಿದೆಯಾ ನೋಡಿ. ಒಂದು ಫ್ರೇಮಿಗಿಂತ ಜಾಸ್ತಿ ಸರಿದಿದ್ದರೆ ಮೊದಲು ಅದನ್ನು ಸರಿಮಾಡಿ. ಚಿತ್ರ ತೋರಿಸಲು ಟಿವಿ ಇಟ್ಟಿದ್ದರೆ ಅದೂ ಚಿತ್ರವನ್ನು ತಡವಾಗಿ ತೋರಿಸಬಹುದು, ಗೇಮ್ ಮೋಡ್ ಹಾಕಿಕೊಳ್ಳಿ.

ದನಿ ಹೊಂದಿಸುವುದೇ ಕಷ್ಟ

ತುಟಿ ಕೂತಿತು. ಆದರೂ ಸುಳ್ಳು ಅನ್ನಿಸುತ್ತಿತ್ತು. ದೋಣಿಯಲ್ಲಿ ನಿಂತವನು ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ. ಪೈಲಟ್ ಕೇಳಿಸಿದಾಗ ಹುಡುಗನಿಗೇ ಆಶ್ಚರ್ಯ. ‘ಅಣ್ಣ, ನಾ ಅಲ್ಲಿ ಇಷ್ಟು ಕೂಗಿದ್ನಾ?’ ಅಂದ.

ಕೂಗಿದ್ದ, ಗೊತ್ತಿಲ್ಲದೆಯೇ. ಸುತ್ತ ಗದ್ದಲ ಇದ್ದರೆ ನಾವು ದನಿ ಏರಿಸುತ್ತೇವೆ. ಅಷ್ಟೇ ಅಲ್ಲ, ಶ್ರುತಿ ಮೇಲೆ ಹೋಗುತ್ತದೆ, ಸ್ವರಗಳು ಉದ್ದವಾಗುತ್ತವೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಇದರ ಬಗ್ಗೆ ಬರೆದಿದ್ದರು, ಅವರ ಹೆಸರಿನಿಂದಲೇ ಇದನ್ನು ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಮೆಲ್ಲಗೆ ಹೇಳಿದ ಮಾತಿನ ವಾಲ್ಯೂಮ್ ಏರಿಸಿದರೆ ಅದು ಕೂಗು ಆಗುವುದಿಲ್ಲ. ಹತ್ತಿರದಿಂದ ಕೇಳುವ ಮೆಲುಮಾತೇ ಆಗಿ ಉಳಿಯುತ್ತದೆ.

‘ಜೋರಾಗಿ ಹೇಳು’ ಅಂದರೂ ಪ್ರಯೋಜನ ಇಲ್ಲ, ಭಾಷಣದ ದನಿ ಬರುತ್ತದೆ. ನಾವು ಮಾಡಿದ್ದು ಇಷ್ಟು. ಶೂಟಿಂಗ್ ದಿನ ಯಾರೂ ಮಾತಾಡದೆ ಒಂದು ನಿಮಿಷ ಬರೀ ಎಂಜಿನ್ ಸದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದೆವು. ಅದನ್ನೇ ಅವನ ಹೆಡ್‌ಫೋನ್‌ಗೆ ಬಿಟ್ಟೆವು, ಬೀಪ್ ಕೇಳಿಸುವಷ್ಟು ಜಾಗ ಉಳಿಸಿ. ಕಿವಿ ನೋಯುವಷ್ಟು ಬೇಡ. ತನ್ನ ದನಿ ತನಗೆ ಸರಿಯಾಗಿ ಕೇಳದಿದ್ದರೆ ಸಾಕು. ಹುಡುಗ ತಾನಾಗಿಯೇ ದನಿ ಏರಿಸಿದ.

ಇನ್ನೂ ಒಂದು ಕೊರತೆ ಇತ್ತು. ಚಿತ್ರದಲ್ಲಿ ‘ಎತ್ತುವ’ ಅನ್ನುವಾಗ ಅವನು ಬಲೆ ಎಳೆಯುತ್ತಿದ್ದಾನೆ, ಎದೆ ಬಿಗಿದಿದೆ. ಕುರ್ಚಿಯ ಮೇಲೆ ಕೂತವನಿಗೆ ಆ ಬಿಗಿ ಬರುವುದಿಲ್ಲ. ಎದ್ದು ನಿಲ್ಲಿಸಿ, ಹಳೆಯ ಹೊದಿಕೆಯೊಂದನ್ನು ಕಿಟಕಿಯ ಸರಳಿಗೆ ಕಟ್ಟಿ ಕೈಗೆ ಕೊಟ್ಟೆವು. ‘ಬಲೆ’ ಅನ್ನುವಾಗ ಎಳೆಯಬೇಕು. ದಪ್ಪ ಹತ್ತಿ ಬಟ್ಟೆಯಾದ್ದರಿಂದ ಸದ್ದು ಬರಲಿಲ್ಲ, ದನಿಯಲ್ಲಿ ಮಾತ್ರ ಆ ಎಳೆತ ಬಂತು.

ಮೈಕ್ ಬಾಯಿಗೆ ಅಂಟಿಸಬೇಡಿ, ಆಕಾಶವಾಣಿಯಲ್ಲಿ ಸುದ್ದಿ ಓದಿದ ಹಾಗೆ ಆಗುತ್ತದೆ. ಶೂಟಿಂಗ್‌ಗೆ ಬಳಸಿದ ಮೈಕನ್ನೇ, ಹಣೆಗಿಂತ ಸ್ವಲ್ಪ ಮೇಲಿನಿಂದ, ಎರಡು ಅಡಿಯಷ್ಟು ದೂರ ಇಟ್ಟೆವು. ಗೋಡೆಗೆ ಗಾದಿ, ನೆಲಕ್ಕೆ ಕಂಬಳಿ. ಕೂಗುವಾಗ ಮೀಟರ್ -6 ಡೆಸಿಬೆಲ್ ದಾಟದಂತೆ ನೋಡಿಕೊಂಡೆವು. ನಮ್ಮ ದೊಡ್ಡ ಶತ್ರು ಬೇರೆಯೇ: ಜುಲೈ ತಿಂಗಳ ಮಳೆ, ಮೇಲೆ ಹಂಚಿನ ಮಾಡು. ಗಾದಿ ಏನು ಮಾಡೀತು? ಮಳೆ ಬಿಟ್ಟ ಹೊತ್ತು ನೋಡಿ ಟೇಕ್ ತೆಗೆದೆವು. ‘ಮಳೆ ಬರ್ತದೆ’ ಅಂತ ಡಬ್ ಮಾಡಲು ಮಳೆ ನಿಲ್ಲಲಿ ಅಂತ ಕಾಯುವುದು ನಗು ತರಿಸುವ ಕೆಲಸವೇ ಸರಿ.

ಕೂರಿಸುವುದು

ಪೈಲಟ್ ಮೂರು ಸಲ ಕೇಳಿಸಿ, ನಾಲ್ಕನೇ ಸಲದಿಂದ ಅದನ್ನು ಮುಚ್ಚಿ, ಬೀಪ್ ಮತ್ತು ಎಂಜಿನ್ ಮಾತ್ರ ಬಿಟ್ಟು ಟೇಕ್ ತೆಗೆದುಕೊಳ್ಳಿ. ಏಳೆಂಟು ಟೇಕ್ ಮೇಲೆ ಹೋದರೆ ದನಿ ದಣಿಯುತ್ತದೆ. ಬೇರೆ ಸಾಲಿಗೆ ಹೋಗಿ, ಆಮೇಲೆ ಇದಕ್ಕೆ ಬನ್ನಿ.

ನಮಗೆ ಆರನೇ ಟೇಕ್ ಇಷ್ಟವಾಯಿತು. ಮ ಸರಿಯಾಗಿ ಕೂತಿತ್ತು, ‘ಅಪ್ಪಾ’ದ ಪ್ಪ ಮಾತ್ರ ಎರಡು ಫ್ರೇಮ್ ಬೇಗ ಬಿಚ್ಚಿತ್ತು. ತಡವಾದ ಸದ್ದನ್ನು ಕಣ್ಣು ಸ್ವಲ್ಪ ಸಹಿಸುತ್ತದೆ. ದೂರದ ಸದ್ದು ತಡವಾಗಿ ಬರುವುದು ನಮಗೆ ಅಭ್ಯಾಸ. ತುಟಿಗಿಂತ ಮೊದಲೇ ಬಂದ ಸದ್ದು ಬೇಗ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬಿಡುವ ಹಾಗಿರಲಿಲ್ಲ.

ಇಡೀ ಸಾಲನ್ನು ಸರಿಸಿದರೆ ಮ ಕೆಡುತ್ತದೆ. ಹಿಗ್ಗಿಸಿದರೆ, ನೂರಕ್ಕೆ ಮೂರು ನಾಲ್ಕು ಪಾಲು ದಾಟಿದ ಕೂಡಲೇ ದನಿ ರಬ್ಬರಿನಂತಾಗುತ್ತದೆ. ಇಲ್ಲಿ ಒತ್ತಕ್ಷರ ಮತ್ತೆ ನೆರವಿಗೆ ಬಂತು. ಪ್ಪ ಮುಚ್ಚಿರುವಾಗ ಮೌನ ಇದೆಯಲ್ಲ, ಅಲ್ಲೇ ಕತ್ತರಿಸಿ, ‘ಪಾ’ದಿಂದ ಮುಂದಿನದನ್ನೆಲ್ಲ ಎರಡು ಫ್ರೇಮ್ ತಡವಾಗಿ ಬೀಳುವಂತೆ ತಳ್ಳಿ, ನಡುವಿನ ಸಂದಿಗೆ ಕೋಣೆಯ ಬರೀ ಮೌನವನ್ನು ತುಂಬಿದೆವು. ಕತ್ತರಿಸಿದ್ದು ಹೆಡ್‌ಫೋನ್‌ನಲ್ಲೂ ಗೊತ್ತಾಗಲಿಲ್ಲ. ಹಾಗೆ ತಳ್ಳಿದಾಗ ‘ಬಲೆ’ಯ ಬ ಒಂದು ಫ್ರೇಮ್ ತಡವಾಯಿತು. ಅದನ್ನು ಹಾಗೆಯೇ ಬಿಟ್ಟೆವು.

ಕೊನೆಗೆ ಆ ಒಂದು ನಿಮಿಷದ ಎಂಜಿನ್ ಸದ್ದನ್ನು ಇಡೀ ದೃಶ್ಯದ ಕೆಳಗೆ ಹಾಸಿದೆವು, ಮಾತಿಗೆ ಮುಂಚಿನಿಂದ ಹಿಡಿದು ನಂತರದವರೆಗೆ, ಎಲ್ಲೂ ತುಂಡಾಗದಂತೆ. ಮಾತು ಬಂದಾಗ ಮಾತ್ರ ಎಂಜಿನ್ ಹೆಚ್ಚುವುದು, ನಿಂತಾಗ ಇಲ್ಲವಾಗುವುದು ಆದರೆ ಡಬ್ಬಿಂಗ್ ಅಂತ ಅಲ್ಲೇ ಗೊತ್ತಾಗುತ್ತದೆ. ಪರೀಕ್ಷೆಗೆ ಆಯಿಯನ್ನು ಟಿವಿ ಮುಂದೆ ಕೂರಿಸಿದೆ, ಏನೂ ಹೇಳದೆ. ನೋಡಿ ಮುಗಿಸಿ, ‘ಅಷ್ಟು ಗಲಾಟೆಯಲ್ಲಿ ಮಾತು ಹೇಗೋ ಹಿಡಿದಿರಲ್ಲ’ ಅಂದಳು.