ಚಿನ್ನ ಏರಿತು, ಪೋರ್ಟ್‌ಫೋಲಿಯೋ ವಾಲಿತು: ಎಷ್ಟು ಮಾರಬೇಕು ಅಂತ ನಾನು ಲೆಕ್ಕ ಹಾಕಿದ ಬಗೆ

ನನ್ನ ಹೂಡಿಕೆಯ ಗುರಿ ಈಕ್ವಿಟಿ, ಅಂದರೆ ಷೇರು, ಶೇ. 50; ಡೆಟ್, ಅಂದರೆ ಬಡ್ಡಿ ತರುವ ಹೂಡಿಕೆ, ಶೇ. 40; ಗೋಲ್ಡ್ ಶೇ. 10. ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಕೂತು, ಈ ಮೂರೂ ಗುರಿಯಿಂದ ಎಷ್ಟು ದೂರ ಸರಿದಿವೆ ಅಂತ ಅಳೆಯುತ್ತೇನೆ. ಮಧ್ಯದಲ್ಲಿ ನೋಡಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಅಳೆದಾಗ ಚಿನ್ನ ಗ್ರಾಂಗೆ ಸುಮಾರು 12,000 ರೂಪಾಯಿ ಆಗಿತ್ತು. ಏನೋ ಮಾಡಲೇಬೇಕು ಅನ್ನೋದು ಲೆಕ್ಕ ಹಾಕೋ ಮೊದಲೇ ಗೊತ್ತಿತ್ತು. ಆದರೆ ಯಾವುದನ್ನು, ಎಷ್ಟು ರೂಪಾಯಿಗೆ ಅನ್ನೋದು ಲೆಕ್ಕ ಹಾಕದೆ ಗೊತ್ತಾಗಲ್ಲ. ಇಲ್ಲಿ ಅಂಕಿಗಳನ್ನು ಸ್ವಲ್ಪ ದುಂಡು ಮಾಡಿ ಕೊಡುತ್ತಿದ್ದೇನೆ.

ಸೂತ್ರ ತುಂಬಾ ಸುಲಭ. ಕಷ್ಟ ಇರೋದು ಅದಕ್ಕೆ ಹಾಕುವ ಅಂಕಿಗಳನ್ನು ಸರಿಯಾಗಿ ಹೊಂದಿಸೋದರಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು, ಎಲ್ಲದರ ಬೆಲೆಯೂ ಒಂದೇ ದಿನದ್ದಾಗಿರಬೇಕು. ಮ್ಯೂಚುವಲ್ ಫಂಡ್‌ಗಳ ಯೂನಿಟ್ ಎಷ್ಟಿವೆ ಅನ್ನೋದನ್ನು ಒಟ್ಟು ಖಾತೆ ವಿವರದ ಪಟ್ಟಿಯಿಂದ ತೆಗೆದುಕೊಂಡು, ತಿಂಗಳ ಕೊನೆಯ ಎನ್ಎವಿಯಿಂದ, ಅಂದರೆ ಒಂದು ಯೂನಿಟ್‌ನ ಬೆಲೆಯಿಂದ, ಗುಣಿಸಿದೆ. ಇಂಡೆಕ್ಸ್ ಫಂಡ್ 19,30,000 ಬಂತು. ಡೆಟ್ ಫಂಡ್ 1,50,000.

ಇಪಿಎಫ್ ಪಾಸ್‌ಬುಕ್‌ನಲ್ಲಿ 6,55,000 ಇತ್ತು. ಆದರೆ ಆ ವರ್ಷದ ಬಡ್ಡಿ ಅದರಲ್ಲಿ ಸೇರಿಲ್ಲ. ಇಪಿಎಫ್ ಬಡ್ಡಿ ಜಮೆ ಆಗೋದು ಆರ್ಥಿಕ ವರ್ಷ ಮುಗಿದು ಕೆಲವು ತಿಂಗಳಾದ ಮೇಲೆ. ಅಷ್ಟರವರೆಗೆ ಡೆಟ್ ಇರೋದಕ್ಕಿಂತ ಕಮ್ಮಿ ಕಾಣುತ್ತೆ. ಹಿಂದಿನ ವರ್ಷದ ದರ ಶೇ. 8.25ನ್ನೇ ಹಿಡಿದು, ಅರ್ಧ ವರ್ಷಕ್ಕೆ ಅಂದಾಜು 25,000 ಸೇರಿಸಿ 6,80,000 ಮಾಡಿದೆ. ಪಿಪಿಎಫ್ ಬಡ್ಡಿಯೂ ಮಾರ್ಚ್ 31ಕ್ಕೇ ಜಮೆ ಆಗೋದು. ಶೇ. 7.1ರಂತೆ ಅದಕ್ಕೂ ಅರ್ಧ ವರ್ಷದ 12,000 ಸೇರಿಸಿದೆ. ಅದು 3,40,000 ಆಯಿತು.

ಇನ್ನು ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಫಂಡ್, ಅಂದರೆ ಷೇರು, ಡೆಟ್ ಎರಡನ್ನೂ ಬೆರೆಸಿ ಇಟ್ಟುಕೊಳ್ಳುವ ಫಂಡ್. ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸೋದು ಇದೇ. ನನ್ನ ಹತ್ತಿರ ಇಂಥದ್ದೊಂದು 3,00,000ದ್ದಿದೆ. ಆಪ್‌ನಲ್ಲಿ ನೋಡಿದರೆ ತೆರಿಗೆ ಲೆಕ್ಕಕ್ಕೆ ಇದು ಈಕ್ವಿಟಿ. ಫ್ಯಾಕ್ಟ್‌ಶೀಟ್ ತೆಗೆದರೆ ಬೇರೆಯದೇ ಕಥೆ. ಈಕ್ವಿಟಿ ತೆರಿಗೆ ಸಿಗಲಿ ಅಂತ ಇಂಥ ಫಂಡ್‌ಗಳು ಶೇ. 65ಕ್ಕಿಂತ ಜಾಸ್ತಿ ಷೇರು ಇಟ್ಟುಕೊಳ್ಳುತ್ತವೆ. ಆದರೆ ಅದರಲ್ಲಿ ಒಂದು ಪಾಲಿಗೆ ಎದುರಾಗಿ ಅದೇ ಷೇರಿನ ಫ್ಯೂಚರ್ಸ್, ಅಂದರೆ ಮುಂದಿನ ದಿನಕ್ಕೆ ಇಂದೇ ಬೆಲೆ ಕಟ್ಟುವ ಒಪ್ಪಂದ, ಮಾರಿರುತ್ತವೆ. ಆ ಪಾಲು ಮಾರುಕಟ್ಟೆಯ ಜೊತೆ ಏರಲ್ಲ, ಇಳಿಯಲ್ಲ, ಬಡ್ಡಿಯಂಥ ಲಾಭ ಕೊಡುತ್ತೆ ಅಷ್ಟೇ. ಹಾಗಾಗಿ ನಾನು ನೋಡೋದು ಆ ಪಾಲನ್ನು ಕಳೆದ ಮೇಲೆ ಉಳಿಯುವ ನೆಟ್ ಈಕ್ವಿಟಿ ಅನ್ನುವ ಸಾಲನ್ನು ಮಾತ್ರ. ಅದು ಶೇ. 50 ಇತ್ತು. 1,50,000 ಈಕ್ವಿಟಿಗೆ ಹಾಕಿದೆ, 1,50,000 ಡೆಟ್‌ಗೆ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಆಮೇಲೆ ಹೇಳುತ್ತೇನೆ.

ಚಿನ್ನದಲ್ಲಿ ಎರಡು ಬಗೆ ಇದೆ. 2023ರಲ್ಲಿ ಸರ್ಕಾರದಿಂದಲೇ ನೇರವಾಗಿ ಕೊಂಡ 35 ಗ್ರಾಂ ಸಾವರಿನ್ ಗೋಲ್ಡ್ ಬಾಂಡ್, ಮತ್ತು 1,80,000ದ ಗೋಲ್ಡ್ ಇಟಿಎಫ್, ಅಂದರೆ ಷೇರುಪೇಟೆಯಲ್ಲಿ ಕೊಂಡು ಮಾರುವ ಚಿನ್ನದ ಫಂಡ್. ಬಾಂಡ್‌ಗೆ ಡಿಮ್ಯಾಟ್ ಆಪ್ ತೋರಿಸೋದು ಷೇರುಪೇಟೆಯ ಕೊನೆಯ ವಹಿವಾಟಿನ ಬೆಲೆ. ಅಲ್ಲಿ ವಹಿವಾಟು ಕಮ್ಮಿ. ಆ ಬೆಲೆ ಚಿನ್ನದ ಬೆಲೆಗಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ನಾನು ಅದನ್ನು ಅಲ್ಲಿ ಮಾರುವವನಲ್ಲ. ಅವಧಿ ಮುಗಿದಾಗ ರಿಸರ್ವ್ ಬ್ಯಾಂಕ್ ದುಡ್ಡು ಕೊಡೋದು 999 ಶುದ್ಧತೆಯ ಚಿನ್ನದ ಬೆಲೆಯ ಮೇಲೆ. ಅದಕ್ಕೇ 35 ಗ್ರಾಂ ಅನ್ನು 12,000ದಿಂದ ಗುಣಿಸಿ 4,20,000 ಬರೆದೆ. ಹೆಂಡತಿಯ ಒಡವೆ ನನ್ನ ಲೆಕ್ಕದ ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಇಲ್ಲ. ಮಾರದೇ ಇರುವ ಚಿನ್ನವನ್ನು ಸೇರಿಸಿದರೆ ಶೇಕಡಾ ಲೆಕ್ಕ ಸುಮ್ನೆ ಹಾಳಾಗುತ್ತೆ. ಆಪತ್ತಿಗೆ ಅಂತ ಇಟ್ಟ ಎಫ್‌ಡಿಯೂ ಇಲ್ಲ, ಅದು ಹೂಡಿಕೆಯಲ್ಲ.

ಎಲ್ಲ ಕೂಡಿದರೆ ಹೀಗೆ ಬಂತು:

| | ಈಗಿನ ಮೌಲ್ಯ | ಈಗಿನ ಪಾಲು | ಗುರಿ | ಡ್ರಿಫ್ಟ್ |
|---|---|---|---|---|
| ಈಕ್ವಿಟಿ | 20,80,000 | 52% | 50% | +2 |
| ಡೆಟ್ | 13,20,000 | 33% | 40% | −7 |
| ಗೋಲ್ಡ್ | 6,00,000 | 15% | 10% | +5 |
| ಒಟ್ಟು | 40,00,000 | | | |

ಡ್ರಿಫ್ಟ್ ಅಂದರೆ ಈಗಿನ ಪಾಲಿನಿಂದ ಗುರಿಯನ್ನು ಕಳೆದರೆ ಬರುವ ಅಂಕಿ. ಇದನ್ನು ಎರಡು ಥರ ನೋಡಬೇಕು. ಈಕ್ವಿಟಿ 50ರಿಂದ 52 ಆದರೆ ಏನೂ ಅಲ್ಲ. ಅದೇ ಎರಡು ಅಂಕ ಚಿನ್ನದಲ್ಲಿ ಏರಿದರೆ ಗುರಿಯ ಐದನೇ ಒಂದು ಭಾಗದಷ್ಟು ಜಾಸ್ತಿ ಆದ ಹಾಗೆ. ಅದಕ್ಕೇ ನನ್ನ ಮಿತಿ ಹೀಗಿದೆ: ಡ್ರಿಫ್ಟ್ 5 ಅಂಕ ಮುಟ್ಟಿದರೆ, ಅಥವಾ ಗುರಿಯ ಕಾಲು ಭಾಗ ಮುಟ್ಟಿದರೆ, ಯಾವುದು ಮೊದಲೋ ಆಗ ಕೈ ಹಾಕುತ್ತೇನೆ. ಹೂಡಿಕೆದಾರರಲ್ಲಿ ಇದಕ್ಕೆ 5/25 ನಿಯಮ ಅಂತಾರೆ. ನನ್ನ ಗುರಿಗಳಿಗೆ ಹಾಕಿದರೆ ಈಕ್ವಿಟಿ 45ರಿಂದ 55, ಡೆಟ್ 35ರಿಂದ 45, ಚಿನ್ನ 7.5ರಿಂದ 12.5. ಚಿನ್ನವೂ ಡೆಟ್ಟೂ ಮಿತಿಯಿಂದ ಆಚೆ ಹೋಗಿದ್ದವು. ಈಕ್ವಿಟಿ ಒಳಗೇ ಇತ್ತು.

ಈಗ ಆ ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಫಂಡನ್ನು ಪೂರ್ತಿ ಈಕ್ವಿಟಿ ಅಂತ ಹಿಡಿದು ನೋಡಿ. ಈಕ್ವಿಟಿ 22,30,000, ಅಂದರೆ ಶೇ. 55.75. ಮಿತಿ ದಾಟಿತು. ಹಾಳೆ ನನಗೆ 2,30,000ದ ಷೇರು ಮಾರು ಅಂತ ಹೇಳುತ್ತಿತ್ತು. ಒಂದು ಫಂಡನ್ನು ಯಾವ ಸಾಲಿನಲ್ಲಿ ಬರೆದೆ ಅನ್ನೋದರ ಮೇಲೆ ನಿಂತಿರುವ ಸಲಹೆ ಅದು.

ಹಾಳೆಯಲ್ಲಿ ನಾನು ಹಾಕಿದ ಸೂತ್ರಗಳು ಇಷ್ಟೇ. B ಕಾಲಂನಲ್ಲಿ ಈಗಿನ ಮೌಲ್ಯ, C ಕಾಲಂನಲ್ಲಿ ಗುರಿ. ಮೊದಲನೆಯದು ಪಾಲು, ಎರಡನೆಯದು ಡ್ರಿಫ್ಟ್, ಮೂರನೆಯದು ಬೇಕಾದ ಮೊತ್ತ:

```
D2: =B2/SUM(B$2:B$4)
E2: =D2-C2
F2: =C2*SUM(B$2:B$4)-B2
```

F ಕಾಲಂನಲ್ಲಿ ಬಂದದ್ದು: ಈಕ್ವಿಟಿ −80,000, ಡೆಟ್ +2,80,000, ಗೋಲ್ಡ್ −2,00,000. ಮೈನಸ್ ಅಂದರೆ ಮಾರಬೇಕು, ಪ್ಲಸ್ ಅಂದರೆ ಕೊಳ್ಳಬೇಕು. ಮೂರನ್ನೂ ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಗುರಿಗಳ ಮೊತ್ತ ನೂರು ಆಗಿಲ್ಲ, ಇಲ್ಲವೇ ಯಾವುದೋ ಸಾಲು ಬಿಟ್ಟುಹೋಗಿದೆ ಅಂತ ಅರ್ಥ.

ಇಷ್ಟಕ್ಕೆ ಮುಗಿಯಲ್ಲ. ಮಾರದೇ, ಬರೀ ಹೊಸ ದುಡ್ಡಿನಿಂದ ಸರಿ ಮಾಡಬಹುದಾ ಅಂತ ನಾನು ಯಾವಾಗಲೂ ಮೊದಲು ನೋಡುತ್ತೇನೆ. ಮಾರಿದರೆ ತೆರಿಗೆ, ಹೊಸ ದುಡ್ಡಿಗೆ ತೆರಿಗೆ ಇಲ್ಲ. ಜಾಸ್ತಿಯಾಗಿರುವ ಪಾಲಿನ ಈಗಿನ ಮೌಲ್ಯವನ್ನು ಅದರ ಗುರಿಯಿಂದ ಭಾಗಿಸಿ, ಅದರಿಂದ ಈಗಿನ ಒಟ್ಟು ಮೊತ್ತ ಕಳೆದರೆ, ಎಷ್ಟು ಹೊಸ ದುಡ್ಡು ಬೇಕು ಅಂತ ಸಿಗುತ್ತೆ:

```
=B2/C2-SUM(B$2:B$4)
```

ಈಕ್ವಿಟಿಗೆ ಇದು 20,80,000 ÷ 0.50 − 40,00,000, ಅಂದರೆ 1,60,000. ನನ್ನ ತಿಂಗಳ ಎಸ್ಐಪಿ ಒಟ್ಟು 40,000. ನಾಲ್ಕು ತಿಂಗಳ ದುಡ್ಡನ್ನು ಈಕ್ವಿಟಿಗೆ ಹಾಕದಿದ್ದರೆ ಸಾಕು, ಪಾಲು ತಾನಾಗೇ 50ಕ್ಕೆ ಬರುತ್ತೆ. ಚಿನ್ನಕ್ಕೆ ಅದೇ ಲೆಕ್ಕ ಹಾಕಿದರೆ 6,00,000 ÷ 0.10 − 40,00,000, ಬರೋಬ್ಬರಿ 20 ಲಕ್ಷ. ಐವತ್ತು ತಿಂಗಳ ಎಸ್ಐಪಿ! ಗುರಿ ಚಿಕ್ಕದಿರುವ ಆಸ್ತಿ ಉಬ್ಬಿದಾಗ ಹೊಸ ದುಡ್ಡು ಅದನ್ನು ಕರಗಿಸೋದು ತುಂಬಾ ನಿಧಾನ. ಹಾಗಾಗಿ ತೀರ್ಮಾನ ಸುಲಭವಾಯಿತು: ಷೇರು ಮಾರೋದು ಬೇಡ, ಚಿನ್ನ ಮಾರಬೇಕು.

ಹಾಳೆ 2,00,000ದ ಚಿನ್ನ ಮಾರು ಅನ್ನುತ್ತೆ. ಆದರೆ ಬಾಂಡನ್ನು ಐದು ವರ್ಷ ತುಂಬುವ ಮೊದಲು ರಿಸರ್ವ್ ಬ್ಯಾಂಕ್ ವಾಪಸ್ ತೆಗೆದುಕೊಳ್ಳಲ್ಲ. ನನ್ನದಕ್ಕೆ ಆ ಅವಕಾಶ 2028ರಲ್ಲಿ. ಕೈಗೆ ಸಿಗುವ ಚಿನ್ನ ಇಟಿಎಫ್ ಮಾತ್ರ, 1,80,000. ಅದನ್ನೇ ಪೂರ್ತಿ ಮಾರಿದೆ. ಕೊಂಡದ್ದು 1,00,000ಕ್ಕೆ, ಲಾಭ 80,000. ವರ್ಷ ದಾಟಿದ್ದರಿಂದ ತೆರಿಗೆ ಶೇ. 12.5, ಸೆಸ್ ಸೇರಿ 10,400. ಈಕ್ವಿಟಿಯ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ ಅಲ್ವಾ, ಆ ವಿನಾಯಿತಿ ಚಿನ್ನಕ್ಕೆ ಸಿಗಲ್ಲ. ತುಂಬಾ ಜನ ಇದನ್ನು ಬೆರೆಸಿಬಿಡುತ್ತಾರೆ. ತೆರಿಗೆಯನ್ನು ನಾನು ಸಂಬಳದಿಂದ ಕಟ್ಟಿದೆ. ಇಲ್ಲವಾದರೆ ಡೆಟ್‌ಗೆ ಹೋಗುವ ಮೊತ್ತದಿಂದ ಅದನ್ನು ಕಳೆಯಬೇಕಾಗುತ್ತಿತ್ತು.

ಇನ್ನು ನಾಲ್ಕು ತಿಂಗಳ ಎಸ್ಐಪಿ 1,60,000 ಪೂರ್ತಿ ಡೆಟ್‌ಗೆ. ಬೆಲೆಗಳು ಅಲ್ಲೇ ನಿಂತಿವೆ ಅಂತ ಇಟ್ಟುಕೊಂಡರೆ ಒಟ್ಟು 41,60,000. ಈಕ್ವಿಟಿ 20,80,000, ಸರಿಯಾಗಿ ಶೇ. 50. ಡೆಟ್ 16,60,000, ಶೇ. 39.9. ಚಿನ್ನ 4,20,000, ಶೇ. 10.1. ಬೆಲೆ ನಿಲ್ಲಲ್ಲ ಅನ್ನೋದು ನಿಜ, ಆದರೆ ನಾಲ್ಕು ತಿಂಗಳಲ್ಲಿ ಒಂದೆರಡು ಅಂಕ ಆಚೀಚೆ ಆದರೂ ಮಿತಿಯ ಒಳಗೇ ಇರುತ್ತೆ.

ಉಳಿದದ್ದು ಒಂದೇ ಪ್ರಶ್ನೆ: ಡೆಟ್ ಅಂದರೆ ಎಲ್ಲಿ? ಪಿಪಿಎಫ್‌ಗೆ ಹಾಕಿದರೆ ಬಡ್ಡಿಗೆ ತೆರಿಗೆ ಇಲ್ಲ. 2023ರ ಏಪ್ರಿಲ್ ನಂತರ ಕೊಂಡ ಡೆಟ್ ಫಂಡಿನ ಲಾಭಕ್ಕೆ ನಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಮೇಲ್ನೋಟಕ್ಕೆ ಪಿಪಿಎಫ್ಫೇ ಮೇಲು. ನಾನು ಹಾಗೆ ಮಾಡಲಿಲ್ಲ. ಷೇರುಪೇಟೆ ಶೇ. 30 ಬಿದ್ದರೆ ಏನಾಗುತ್ತೆ ಅಂತ ಇದೇ ಹಾಳೆಯಲ್ಲಿ ಹಾಕಿ ನೋಡಿದೆ. ಈಕ್ವಿಟಿ 14,56,000ಕ್ಕೆ ಇಳಿಯುತ್ತೆ, ಒಟ್ಟು 35,36,000 ಆಗುತ್ತೆ. ಅದರಲ್ಲಿ ಅರ್ಧ ಈಕ್ವಿಟಿ ಇರಬೇಕಾದರೆ 3,12,000ದ ಷೇರು ಕೊಳ್ಳಬೇಕು. ಆ ದುಡ್ಡು ಬರಬೇಕಾದ್ದು ಡೆಟ್‌ನಿಂದ ಮತ್ತು ಚಿನ್ನದಿಂದ. ಚಿನ್ನ ಈಗ ಪೂರ್ತಿ ಬಾಂಡ್. ಇಪಿಎಫ್, ಪಿಪಿಎಫ್ ಬೇಕೆಂದಾಗ ತೆಗೆಯೋದು ಆಗಲ್ಲ. ಮಾರೋಕೆ ಆಗುತ್ತಿದ್ದ ಡೆಟ್ ಫಂಡ್ ಇದ್ದದ್ದು ಬರೀ 1,50,000.

ಅದಕ್ಕೇ ಇಟಿಎಫ್ ಮಾರಿದ ದುಡ್ಡು, ನಾಲ್ಕು ತಿಂಗಳ ಎಸ್ಐಪಿ, ಎರಡನ್ನೂ ಡೆಟ್ ಫಂಡ್‌ಗೇ ಹಾಕಿದೆ. ಅದು 4,90,000 ಆಗುತ್ತೆ. ಹಾಳೆಗೆ ಈಗ ಇನ್ನೊಂದು ಸಾಲು ಸೇರಿದೆ: ಒಂದು ವಾರದೊಳಗೆ ಮಾರಬಹುದಾದ ಡೆಟ್ ಎಷ್ಟು. ಆ ಅಂಕಿ ಶೇ. 30 ಕುಸಿತಕ್ಕೆ ಬೇಕಾದ ಮೊತ್ತಕ್ಕಿಂತ ಮೇಲಿದ್ದರೆ ಮಾತ್ರ ಮುಂದಿನ ಡೆಟ್ ದುಡ್ಡು ಪಿಪಿಎಫ್‌ಗೆ ಹೋಗುತ್ತೆ.