ದೂರದ ನೆಂಟರ ತುಣುಕುಗಳಿಂದ ಹುಟ್ಟುಹಬ್ಬದ ವಿಡಿಯೊ

‘ಅಜ್ಜಿಗೆ 70 ತುಂಬುತ್ತದೆ, ಒಂದು ವಿಡಿಯೊ ಮಾಡಿ ಕಳಿಸಿ’ ಎಂದಷ್ಟೇ ದೂರದ ಎಂಟು ಮಂದಿ ನೆಂಟರನ್ನು ಕೇಳಿದರೆ ಎಲ್ಲರೂ ‘ಶುಭಾಶಯ, ಆರೋಗ್ಯವಾಗಿರಿ’ ಎಂದೇ ಹೇಳಿ ಕಳಿಸುತ್ತಾರೆ. ಇದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸಲು ಆಗುವುದಿಲ್ಲ. ಆದ್ದರಿಂದ ಹುಟ್ಟುಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕಳಿಸಿ.

ಮಾತು: ಮೊಮ್ಮಗನಿಗೆ ‘ಅಜ್ಜಿ ಕಲಿಸಿದ್ದರಲ್ಲಿ ಈಗಲೂ ಮಾಡುವುದು ಯಾವುದು?’, ತಮ್ಮನಿಗೆ ‘ಅಕ್ಕ ನಿಮ್ಮ ಪರ ನಿಂತ ಒಂದು ಸಂದರ್ಭ?’, ಸೊಸೆಗೆ ‘ಮನೆಗೆ ಬಂದ ಮೊದಲ ವಾರ ಅತ್ತೆ ಹೇಳಿದ ಮಾತು?’ ಹೀಗೆ. ಪ್ರಶ್ನೆ ವಿಡಿಯೊದಲ್ಲಿ ಕೇಳಿಸುವುದಿಲ್ಲವಾದ್ದರಿಂದ ಉತ್ತರ ತಾನಾಗಿಯೇ ಅರ್ಥವಾಗಬೇಕು. ‘ಹ್ಞಾಂ, ಅದು ಸೈಕಲ್ಲು’ ಎಂದರೆ ಸಾಲದು. ‘ಅಜ್ಜಿ, ನೀನು ನನಗೆ ಸೈಕಲ್ ಕಲಿಸಿದ್ದು ನೆನಪಿದೆಯಾ?’ ಎಂದು ಶುರುವಾಗಲಿ. ತಲಾ 20 ಸೆಕೆಂಡು ಸಾಕು. ಮೊದಲ ಮತ್ತು ಕೊನೆಯ ದೃಶ್ಯ ಸೇರಿ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಬರೆದುಕೊಂಡು ಓದುವುದು ಬೇಡ, ಕಣ್ಣು ಅತ್ತಿತ್ತ ಓಡುವುದು ಗೊತ್ತಾಗಿಬಿಡುತ್ತದೆ. ‘ಶುಭೋದಯ’ವೂ ಬೇಡ, ನೋಡುವ ಹೊತ್ತಿಗೆ ಇಲ್ಲಿ ರಾತ್ರಿಯಾಗಿರಬಹುದು.

ಶಾಟ್‌ಗಳು: ಒಬ್ಬೊಬ್ಬರಿಂದ ಮೂರು ತುಣುಕು ಕೇಳಿ, ಮೂರನ್ನೂ ಫೋನ್ ಅಡ್ಡ ಹಿಡಿದೇ ತೆಗೆಯಲಿ.

1. ಮಾತು. ಕಿಟಕಿ ಮುಖದ ಎದುರಿಗಿರಲಿ, ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ಫೋನ್ ಒಂದು ತೋಳಿನಷ್ಟು ದೂರ. ಇನ್ನೂ ದೂರವಾದರೆ ಕೋಣೆಯ ಮಾರ್ದನಿಯೇ ಹೆಚ್ಚು. ಮಾತಿಗೆ ಮೊದಲು, ನಂತರ ಮೂರು ಸೆಕೆಂಡು ಸುಮ್ಮನೆ ಕ್ಯಾಮೆರಾ ನೋಡಬೇಕು. ಇಲ್ಲದಿದ್ದರೆ ಮೊದಲ ಅಕ್ಷರವೇ ಕತ್ತರಿಸಿ ಹೋಗುತ್ತದೆ.

2. ಮಾತಿಲ್ಲದ ಹತ್ತು ಸೆಕೆಂಡು: ಅಜ್ಜಿ ಕೊಟ್ಟ ವಸ್ತು ಕೈಯಲ್ಲಿ, ಅಥವಾ ಆ ಮನೆಯ ಕಿಟಕಿಯ ಹೊರನೋಟ. ಯಾರಾದರೂ ಮಾತಿನ ನಡುವೆ ತಡವರಿಸಿದರೆ ಅಲ್ಲಿ ಕತ್ತರಿಸಿ, ಜೋಡಣೆ ಕಾಣದಂತೆ ಇದನ್ನು ಮೇಲೆ ಹಾಕಬಹುದು. ಎಡಿಟ್ ಮಾಡುವವರಿಗೆ ಅತಿ ಹೆಚ್ಚು ನೆರವಾಗುವ ತುಣುಕು ಇದೇ.

3. ಹಾಡು. ಒಬ್ಬೊಬ್ಬರು ಒಂದೊಂದು ವೇಗ, ಒಂದೊಂದು ಶ್ರುತಿಯಲ್ಲಿ ಹಾಡಿದರೆ ಕೂಡಿಸಲು ಬರುವುದಿಲ್ಲ. ನೀವೇ ಹಾಡಿದ ಆಡಿಯೊವನ್ನು ‘ಒಂದು, ಎರಡು, ಮೂರು’ ಎಣಿಕೆ ಮತ್ತು ಒಂದು ಚಪ್ಪಾಳೆಯೊಂದಿಗೆ ಮೊದಲೇ ಕಳಿಸಿ. ಅವರು ಅದನ್ನು ತಂತಿಯ ಇಯರ್‌ಫೋನ್‌ನಲ್ಲಿ ಇನ್ನೊಂದು ಫೋನಿನಿಂದ ಕೇಳುತ್ತ, ಅದೇ ಚಪ್ಪಾಳೆಗೆ ತಾವೂ ತಟ್ಟಿ ಹಾಡಲಿ. ಎಡಿಟಿಂಗ್‌ನಲ್ಲಿ ಚಪ್ಪಾಳೆ ಧ್ವನಿರೇಖೆಯಲ್ಲಿ ಚೂಪಾಗಿ ಎದ್ದು ಕಾಣುತ್ತದೆ. ಅವುಗಳನ್ನು ಒಂದರ ಕೆಳಗೊಂದು ಹೊಂದಿಸಿದರಾಯಿತು.

ಕಳಿಸುವುದು, ಜೋಡಿಸುವುದು: ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊವಾಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಐಫೋನ್‌ನವರು ಎಚ್‌ಡಿಆರ್ ವಿಡಿಯೊ ಆಫ್ ಮಾಡಲಿ, ಇಲ್ಲವಾದರೆ ಬೇರೆ ತುಣುಕುಗಳ ಪಕ್ಕದಲ್ಲಿ ಬಣ್ಣ ಪೇಲವವಾಗಿಯೋ ಅತಿ ಬಿಳಿಚಿಯೋ ಕಾಣಬಹುದು. ತುಟಿ ಮತ್ತು ಮಾತು ಬರಬರುತ್ತ ಬೇರೆಯಾದರೆ ಫೋನ್ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ, ಬದಲಿಸುತ್ತಾ ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ತುಣುಕನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಲ್ಲಿ `Constant Framerate` ಆರಿಸಿ, ಸೆಕೆಂಡಿಗೆ 30 ಫ್ರೇಮ್‌ಗೆ ಪರಿವರ್ತಿಸಿಕೊಂಡು ಬಳಸಿ.

ಸಿದ್ಧವಾದ ಕಡತವನ್ನು H.264 MP4 ಆಗಿ ಪೆನ್‌ಡ್ರೈವ್‌ಗೆ ಹಾಕಿ, ತೋರಿಸಲಿರುವ ಟಿವಿಯಲ್ಲೇ ಹಿಂದಿನ ದಿನ ಅಜ್ಜಿ ಮನೆಯಲ್ಲಿಲ್ಲದಾಗ ಪೂರ್ತಿ ಓಡಿಸಿ ನೋಡಿ.