ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ: ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿಸಿದ ಕಥೆ

ಆಕೆಗೆ 38 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬಂದಾಗ ಮೊದಲು ಹೇಳಿದ್ದು ಬಿಪಿ ವಿಷಯ ಅಲ್ಲ. "ಡಾಕ್ಟ್ರೇ, ಮಿಷನ್ ತುಳಿಯೋಕೆ ಆಗ್ತಿಲ್ಲ. ತೊಡೆಯಲ್ಲಿ ಶಕ್ತಿನೇ ಇಲ್ಲ. ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ, ಮೂರು ನಾಲ್ಕು ಸಲ ಮೂತ್ರಕ್ಕೆ ಏಳ್ತೀನಿ" ಅಂದರು.

ಬಿಪಿ ನೋಡಿದರೆ 172/104. ಅದೂ ಮೂರು ಔಷಧಿ ತೆಗೆದುಕೊಳ್ಳುತ್ತಿರುವಾಗ: ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್. ರಕ್ತದ ಪೊಟ್ಯಾಸಿಯಂ 2.8 ಇತ್ತು. 3.5ರಿಂದ 5ರೊಳಗೆ ಇರಬೇಕಾದದ್ದು. ಪೊಟ್ಯಾಸಿಯಂ ಇಳಿದಾಗ ಕಾಣುವ ಹಾಗೆ, ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ, ಅದರ ಹಿಂದೆ ಯು ಅಲೆ ಎದ್ದು ಕಾಣುತ್ತಿತ್ತು.

ಇಂಥಲ್ಲಿ ಕೈಗೆ ಸುಲಭವಾಗಿ ಸಿಗುವ ಉತ್ತರ ಆ ಮೂತ್ರದ ಮಾತ್ರೆ. ಥಯಾಜೈಡ್ ಪೊಟ್ಯಾಸಿಯಂ ಇಳಿಸುತ್ತದೆ, ಸುಳ್ಳಲ್ಲ. ನಾನೂ ಹಾಗೇ ಅಂದುಕೊಂಡೆ. ಆದರೆ ಆಕೆ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿಗಳನ್ನೆಲ್ಲ ತಂದಿದ್ದರು. ಒಂದೊಂದಾಗಿ ತೆಗೆದು ನೋಡಿದೆ. ಮೂರು ವರ್ಷ ಹಿಂದಿನ ಒಂದು ರಿಪೋರ್ಟಿನಲ್ಲಿ ಪೊಟ್ಯಾಸಿಯಂ 3.2. ಆಗ ಆಕೆ ತೆಗೆದುಕೊಳ್ಳುತ್ತಿದ್ದದ್ದು ಆಮ್ಲೋಡಿಪಿನ್ ಒಂದೇ. ಚೀಟಿಯ ಮೂಲೆಯಲ್ಲಿ ಯಾರೋ "ಎಳನೀರು ಕುಡಿಯಿರಿ" ಎಂದು ಬರೆದಿದ್ದರು. ಆಕೆ ಕುಡಿದಿದ್ದರು ಕೂಡ. ಏನೂ ಏರಿರಲಿಲ್ಲ.

ಮೂತ್ರದ ಮಾತ್ರೆ ಶುರುವಾಗುವ ಮೊದಲೇ ಪೊಟ್ಯಾಸಿಯಂ ಕಡಿಮೆ ಇತ್ತು. ಆ ಒಂದು ಹಾಳೆಯಿಂದ ನನ್ನ ಯೋಚನೆ ಬೇರೆ ಕಡೆ ತಿರುಗಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಬರುತ್ತದೆ. ಅದು ಮೂತ್ರಪಿಂಡಕ್ಕೆ ಹೇಳುವುದು ಇಷ್ಟೇ: ಸೋಡಿಯಂ ಉಳಿಸಿಕೋ, ಪೊಟ್ಯಾಸಿಯಂ ಹೊರಗೆ ಹಾಕು. ಅದು ಎಷ್ಟು ಬರಬೇಕು ಅನ್ನೋದನ್ನು ಬಹುಮಟ್ಟಿಗೆ ನಡೆಸುವುದು ಮೂತ್ರಪಿಂಡದಿಂದ ಹೊರಡುವ ರೆನಿನ್. ಮೈಯಲ್ಲಿ ಉಪ್ಪುನೀರು ಕಡಿಮೆಯಾಯಿತು, ಒತ್ತಡ ಇಳಿಯಿತು ಅಂದರೆ ರೆನಿನ್ ಏರುತ್ತದೆ, ಅದರ ಹಿಂದೆ ಆಲ್ಡೋಸ್ಟಿರೋನ್ ಏರುತ್ತದೆ. ಒತ್ತಡ ಹೆಚ್ಚಾದರೆ ಎರಡೂ ಇಳಿಯಬೇಕು.

ಹಾಗಾದರೆ ಬಿಪಿ 172 ಇರುವ ಮನುಷ್ಯನಲ್ಲಿ ಆಲ್ಡೋಸ್ಟಿರೋನ್ ತಗ್ಗಿರಬೇಕು. ಪೊಟ್ಯಾಸಿಯಂ ಸೋರಿಹೋಗಲು ಕಾರಣವೇ ಇಲ್ಲ. ವಾಂತಿ ಭೇದಿಯಲ್ಲೂ ಪೊಟ್ಯಾಸಿಯಂ ಹೋಗುತ್ತದೆ, ಆದರೆ ಅಲ್ಲಿ ಬಿಪಿ ಕೆಳಗಿರುತ್ತದೆ. ಎರಡೂ ಒಟ್ಟಿಗೆ ಕಂಡರೆ, ಬಿಪಿ ಮೇಲೆ, ಪೊಟ್ಯಾಸಿಯಂ ಕೆಳಗೆ, ಅಲ್ಲಿ ಆಲ್ಡೋಸ್ಟಿರೋನ್ ಯಾರ ಮಾತೂ ಕೇಳದೆ ತಾನಾಗೇ ಸುರಿಯುತ್ತಿದೆಯೇ ಅಂತ ಕೇಳಲೇಬೇಕು. ಇದೇ ಪ್ರೈಮರಿ ಆಲ್ಡೋಸ್ಟಿರೋನಿಸಂ. ಸ್ವಿಚ್ ಆಫ್ ಮಾಡಿದ ಮೇಲೂ ಮೋಟರ್ ಓಡುತ್ತಾ ಟ್ಯಾಂಕ್ ತುಂಬಿ ಹರಿದ ಹಾಗೆ. ಸ್ವಿಚ್ ಅಂದರೆ ರೆನಿನ್, ಮೋಟರ್ ಅಂದರೆ ಆಲ್ಡೋಸ್ಟಿರೋನ್.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜೆರೋಮ್ ಕಾನ್ 1954ರಲ್ಲಿ ಗುರುತಿಸಿದ ಮೊದಲ ರೋಗಿಯೂ 34 ವರ್ಷದ ಹೆಂಗಸು. ಸ್ನಾಯು ಸೆಳೆತ, ಶಕ್ತಿಗುಂದುವುದು, ಬಿಪಿ, ತೀರಾ ಕಡಿಮೆ ಪೊಟ್ಯಾಸಿಯಂ. ಅಡ್ರಿನಲ್ ಗಡ್ಡೆ ತೆಗೆದ ಮೇಲೆ ಆಕೆ ಸುಧಾರಿಸಿದರು. ನನ್ನ ಮುಂದೆ ಕೂತಿದ್ದವರ ಮಾತು ಕೇಳುವಾಗ ಆ ಕಥೆ ನೆನಪಾಯಿತು.

ಸೂಕ್ಷ್ಮ ಇರುವುದು ಪರೀಕ್ಷೆಯಲ್ಲಿ. ರಕ್ತದಲ್ಲಿ ಆಲ್ಡೋಸ್ಟಿರೋನ್ ಎಷ್ಟು, ರೆನಿನ್ ಎಷ್ಟು ಅಂತ ಒಟ್ಟಿಗೆ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಅನುಪಾತ ನೋಡುತ್ತಾರೆ. ಆಲ್ಡೋಸ್ಟಿರೋನ್ ಒಂದನ್ನೇ ನೋಡಿದರೆ ಸಾಲದು. ಮೈಯಲ್ಲಿ ನೀರು ಕಡಿಮೆಯಾದಾಗಲೂ ಅದು ಏರುತ್ತದೆ, ಆದರೆ ಆಗ ರೆನಿನ್ ಕೂಡ ಏರಿರುತ್ತದೆ. ಈ ಕಾಯಿಲೆಯಲ್ಲಿ ಮಾತ್ರ ಒಂದು ಮೇಲಿದ್ದು ಇನ್ನೊಂದು ನೆಲ ಕಚ್ಚಿರುತ್ತದೆ.

ಅವತ್ತೇ ರಕ್ತ ತೆಗೆಸಿ ಕಳಿಸಿದೆ. ಅದೇ ನನ್ನ ತಪ್ಪು. ರಿಪೋರ್ಟ್ ಬಂತು: ಆಲ್ಡೋಸ್ಟಿರೋನ್ ಡೆಸಿಲೀಟರಿಗೆ 13 ನ್ಯಾನೋಗ್ರಾಂ, ರೆನಿನ್ ಚಟುವಟಿಕೆ ಗಂಟೆಗೆ ಮಿಲಿಲೀಟರಿಗೆ 1.8 ನ್ಯಾನೋಗ್ರಾಂ. ಭಾಗಿಸಿದರೆ 7ಕ್ಕೆ ಸ್ವಲ್ಪ ಮೇಲೆ. ಈ ಅಳತೆಯಲ್ಲಿ ಸಾಮಾನ್ಯವಾಗಿ 20ರಿಂದ 30 ದಾಟಿದರೆ ಅನುಮಾನ ಪಡುತ್ತೇವೆ. ಅಂದರೆ ಕಾಗದದ ಪ್ರಕಾರ ಆಕೆಗೆ ಏನೂ ಇಲ್ಲ.

ಒಪ್ಪಿಕೊಂಡು ಇನ್ನೊಂದು ಮಾತ್ರೆ ಬರೆಯಬಹುದಿತ್ತು. ತಡೆದದ್ದು ಆ 13. ಪೊಟ್ಯಾಸಿಯಂ ಕಡಿಮೆಯಾದರೆ ಆಲ್ಡೋಸ್ಟಿರೋನ್ ತಾನಾಗಿ ತಗ್ಗುತ್ತದೆ, ಅದು ಗ್ರಂಥಿಯ ಸಹಜ ಗುಣ. ಪೊಟ್ಯಾಸಿಯಂ 2.8 ಇರುವ ಆರೋಗ್ಯವಂತರಲ್ಲಿ ಅದು 13 ಇರುವುದಿಲ್ಲ, ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಹಾಗಾಗಿ ಆ 13 'ನಾರ್ಮಲ್' ಅಲ್ಲ. ನಮ್ಮನ್ನು ಈ ಕಾಯಿಲೆಯ ಹತ್ತಿರ ಕರೆತರುವ ಕಡಿಮೆ ಪೊಟ್ಯಾಸಿಯಮ್ಮೇ ಪರೀಕ್ಷೆಯ ಹೊತ್ತಿಗೆ ಕಾಯಿಲೆಯನ್ನು ಮುಚ್ಚಿಡುತ್ತದೆ. ನಾನು ಇದನ್ನು ಓದಿದ್ದೆ. ಅರ್ಥವಾದದ್ದು ಅವತ್ತು.

ಇನ್ನು ರೆನಿನ್ 1.8 ಯಾಕೆ ಬಂತು? ಎರಡು ಕಾರಣ ಆಕೆಯ ಮಾತ್ರೆಯಲ್ಲೇ ಇದ್ದವು. ಟೆಲ್ಮಿಸಾರ್ಟನ್ ರೆನಿನ್ ಏರಿಸುತ್ತದೆ. ಮೂತ್ರದ ಮಾತ್ರೆಯೂ ಏರಿಸುತ್ತದೆ. ಸಾಲದ್ದಕ್ಕೆ ಬಿಪಿ ಅಂತ ಆಕೆ ಉಪ್ಪನ್ನು ಪೂರ್ತಿ ಬಿಟ್ಟಿದ್ದರು, ಸಾರಿಗೂ ಹಾಕುತ್ತಿರಲಿಲ್ಲ. ಅದರಿಂದಲೂ ರೆನಿನ್ ಏರುತ್ತದೆ. ನಾಲ್ಕನೆಯದು ಗೊತ್ತಾದದ್ದು ಲ್ಯಾಬಿನ ಹುಡುಗನನ್ನು ಕೇಳಿದಾಗ. "ಸರ್, ಹಾರ್ಮೋನ್ ಅಲ್ವಾ, ಕೆಡಬಾರದು ಅಂತ ಐಸ್ ಮೇಲಿಟ್ಟು ಕಳಿಸಿದೆ" ಅಂದ. ಬೇರೆ ಎಷ್ಟೋ ಪರೀಕ್ಷೆಗೆ ಅದು ಸರಿ. ರೆನಿನ್‌ಗೆ ಅಲ್ಲ. ಬೇರ್ಪಡಿಸದ ರಕ್ತವನ್ನು ಐಸ್ ಮೇಲಿಟ್ಟರೆ ಅದರಲ್ಲಿರುವ ನಿಷ್ಕ್ರಿಯ ಪ್ರೊರೆನಿನ್ ಸಕ್ರಿಯ ರೆನಿನ್ ಆಗಿ ಬದಲಾಗಿ ಸಂಖ್ಯೆ ಸುಳ್ಳಾಗಿ ಏರುತ್ತದೆ. ಅವನನ್ನು ಬಯ್ಯಲು ಏನೂ ಇರಲಿಲ್ಲ. ಹೇಳಿಕೊಡಬೇಕಾಗಿದ್ದು ನಾನು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೂತ್ರದ ಮಾತ್ರೆ ಮತ್ತು ಟೆಲ್ಮಿಸಾರ್ಟನ್ ನಿಲ್ಲಿಸಿದೆ. ಮೊದಲನೆಯದಕ್ಕೆ ನಾಲ್ಕು ವಾರ ಬಿಡುವು ಬೇಕು, ಎರಡನೆಯದಕ್ಕೆ ಎರಡು ವಾರ ಸಾಕು. ಬಿಪಿಯನ್ನು ಸುಮ್ನೆ ಬಿಡುವಂತಿಲ್ಲ, ಹಾಗಾಗಿ ಅನುಪಾತವನ್ನು ಅಷ್ಟಾಗಿ ಕೆಡಿಸದ ವೆರಪಮಿಲ್ ಮತ್ತು ಪ್ರಾಜೋಸಿನ್ ಕೊಟ್ಟು, ಮೂರು ದಿನಕ್ಕೊಮ್ಮೆ ಬಂದು ಬಿಪಿ ತೋರಿಸಿಹೋಗಲು ಹೇಳಿದೆ. ಬಿಪಿ ತೀರಾ ಏರುವವರಲ್ಲಿ, ಹೃದಯ ದುರ್ಬಲ ಇರುವವರಲ್ಲಿ ಹೀಗೆ ಮಾತ್ರೆ ಬದಲಿಸುವುದು ಅಪಾಯ. ಅಂಥವರಿಗೆ ಇದ್ದ ಮಾತ್ರೆಯ ಮೇಲೇ ಪರೀಕ್ಷೆ ಮಾಡಿ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಓದುತ್ತೇನೆ. ಟೆಲ್ಮಿಸಾರ್ಟನ್ ತೆಗೆದುಕೊಂಡೂ ರೆನಿನ್ ಕೆಳಗೇ ಇದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಬೀಟಾ ಬ್ಲಾಕರ್ ಎಂಬ ಬಿಪಿ ಮಾತ್ರೆ ಇದರ ತಿರುಗುಮುರುಗು: ಅದು ರೆನಿನ್ ಇಳಿಸಿ, ಇಲ್ಲದ ಕಾಯಿಲೆಯನ್ನು ಇದೆ ಅಂತ ತೋರಿಸಬಲ್ಲದು. ಯಾರೂ ವೈದ್ಯರನ್ನು ಕೇಳದೆ ತಾವೇ ಮಾತ್ರೆ ನಿಲ್ಲಿಸಬೇಡಿ.

ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 15 ಮಿಲಿ, ಒಂದು ಲೋಟ ನೀರಿನಲ್ಲಿ ಕಲಸಿ ಊಟವಾದ ಮೇಲೆ. ಅದರ ರುಚಿ ಕೆಟ್ಟದ್ದು, ಆಕೆ ಮುಖ ಹಿಂಡಿಕೊಂಡೇ ಕುಡಿದರು. ಊಟಕ್ಕೆ ಮೊದಲಿನಂತೆ ಉಪ್ಪು ಹಾಕಿಕೊಳ್ಳಲು ಹೇಳಿದೆ. ಉಪ್ಪು ತಿಂದಷ್ಟೂ ಪೊಟ್ಯಾಸಿಯಂ ಹೆಚ್ಚು ಸೋರುವುದರಿಂದ ಮಧ್ಯೆ ಎರಡು ಸಲ ಪೊಟ್ಯಾಸಿಯಂ ನೋಡಿದೆ. ರಕ್ತ ತೆಗೆಯುವಾಗ "ಮುಷ್ಟಿ ಬಿಗಿ ಹಿಡೀರಿ" ಅನ್ನಬೇಡ ಅಂತ ಹುಡುಗನಿಗೆ ಹೇಳಿದ್ದೆ. ಮುಷ್ಟಿ ಬಿಚ್ಚಿ ಬಿಗಿದು ಮಾಡಿದರೆ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು 3.1 ಇರುವುದು 3.6 ಎಂದು ಕಾಣಬಹುದು. ಎಷ್ಟು ಜನರ ಸುಳಿವು ಹೀಗೆ ಕೈತಪ್ಪಿತೋ.

ಆಕೆ ಕೆಮ್ಮಿಗೆ ಜ್ಯೇಷ್ಠಮಧು ಜಗಿಯುತ್ತಾರಾ ಅಂತಲೂ ಕೇಳಿದೆ. ಹೆಚ್ಚು ದಿನ ತಿಂದರೆ ಅದೂ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಆದರೆ ಅಲ್ಲಿ ರೆನಿನ್, ಆಲ್ಡೋಸ್ಟಿರೋನ್ ಎರಡೂ ಕಡಿಮೆ ಇರುತ್ತವೆ. ಆಕೆ ತಿನ್ನುತ್ತಿರಲಿಲ್ಲ.

ಐದನೇ ವಾರ ಪೊಟ್ಯಾಸಿಯಂ 4.0 ಮುಟ್ಟಿತು. ಬೆಳಗ್ಗೆ ಎದ್ದು ಮನೆಕೆಲಸ ಮುಗಿಸಿ ಹತ್ತು ಗಂಟೆಗೆ ಬನ್ನಿ ಅಂದೆ. ಎದ್ದು ಓಡಾಡಿ ಕನಿಷ್ಠ ಎರಡು ಗಂಟೆ ಆಗಿರಬೇಕು. ಬಂದ ಮೇಲೆ ಹತ್ತು ನಿಮಿಷ ಕುರ್ಚಿಯಲ್ಲಿ ಕೂರಿಸಿ, ಕೂತಲ್ಲೇ ರಕ್ತ ತೆಗೆದೆವು. ಟ್ಯೂಬು ಟೇಬಲ್ ಮೇಲೇ ಇತ್ತು, ಐಸ್ ಇಲ್ಲ. ಅರ್ಧ ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಿ, ಆಮೇಲೆ ಕೂಡಲೇ ಹೆಪ್ಪುಗಟ್ಟಿಸಿ ಬೆಂಗಳೂರಿಗೆ ಕಳಿಸಿದೆವು. ಆ ಹುಡುಗ ಅಂದು ಗಡಿಯಾರ ನೋಡಿ ನೋಡಿ ಬರೆದುಕೊಂಡಿದ್ದ.

ಈ ಸಲ ಆಲ್ಡೋಸ್ಟಿರೋನ್ 31. ರೆನಿನ್ 0.2ಕ್ಕಿಂತ ಕಡಿಮೆ, ಆ ಲ್ಯಾಬಿಗೆ ಅಳೆಯಲು ಆಗುವ ಮಟ್ಟಕ್ಕಿಂತ ಕೆಳಗೆ. 0.2 ಅಂತಲೇ ಹಿಡಿದರೂ ಅನುಪಾತ 155.

ಒಂದು ಎಚ್ಚರ ಇಲ್ಲಿ ಹೇಳಬೇಕು. ಅನುಪಾತ ದೊಡ್ಡದಾದದ್ದಕ್ಕೇ ಕಾಯಿಲೆ ಎನ್ನಬಾರದು. ಆಲ್ಡೋಸ್ಟಿರೋನ್ 6, ರೆನಿನ್ 0.1 ಇದ್ದರೂ 60 ಬರುತ್ತದೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಉತ್ತರ ಉಬ್ಬುತ್ತದೆ, ಅಷ್ಟೇ. ವಯಸ್ಸಾದವರಲ್ಲಿ ರೆನಿನ್ ಸುಮ್ನೆ ಕಡಿಮೆ ಇರುವುದುಂಟು. ಹಾಗಾಗಿ ಮೇಲಿನ ಸಂಖ್ಯೆ ತಾನೂ ಸಾಕಷ್ಟು ದೊಡ್ಡದಿರಬೇಕು. ಇನ್ನು ರೆನಿನ್ ಅನ್ನು ನೇರವಾಗಿ ಅಳೆಯುವ ಲ್ಯಾಬುಗಳೂ ಇವೆ. ಅಲ್ಲಿ ಘಟಕವೇ ಬೇರೆ, ಗಡಿ ಸಂಖ್ಯೆಯೂ ಬೇರೆ. ಒಂದರ ಗಡಿಯನ್ನು ಇನ್ನೊಂದಕ್ಕೆ ಹಾಕಬಾರದು.

ಅನುಮಾನ ಉಳಿದಿದ್ದರೆ ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಹಾಕಿ ಆಲ್ಡೋಸ್ಟಿರೋನ್ ತಗ್ಗುತ್ತದೋ ಇಲ್ಲವೋ ನೋಡುತ್ತೇವೆ. ಆಕೆಗೆ ಬೇಕಾಗಲಿಲ್ಲ. ತಾನಾಗೇ ಇಳಿದ ಪೊಟ್ಯಾಸಿಯಂ, 20ಕ್ಕಿಂತ ಮೇಲಿನ ಆಲ್ಡೋಸ್ಟಿರೋನ್, ಅಳೆಯಲಾಗದಷ್ಟು ಕಡಿಮೆ ರೆನಿನ್ ಮೂರೂ ಸೇರಿದರೆ ಅಷ್ಟೇ ಸಾಕು.

ಸಿಟಿ ಸ್ಕ್ಯಾನಿನಲ್ಲಿ ಎಡ ಅಡ್ರಿನಲ್‌ನಲ್ಲಿ 14 ಮಿಲಿಮೀಟರ್ ಗಂಟು ಕಂಡಿತು. ಆದರೆ ಏನೂ ಮಾಡದೆ ಸುಮ್ನೆ ಕೂತ ಗಂಟುಗಳೂ ಅಡ್ರಿನಲ್‌ನಲ್ಲಿ ಇರುತ್ತವೆ. ವಯಸ್ಸು 35 ದಾಟಿದ್ದರಿಂದ ಚಿತ್ರ ಒಂದನ್ನೇ ನಂಬದೆ ಬೆಂಗಳೂರಿಗೆ ಕಳಿಸಿದೆ. ಅಲ್ಲಿ ತೊಡೆಸಂದಿಯಿಂದ ತೆಳು ನಳಿಕೆ ತೂರಿಸಿ ಎರಡೂ ಅಡ್ರಿನಲ್‌ಗಳ ರಕ್ತನಾಳದಿಂದ ಬೇರೆಬೇರೆ ರಕ್ತ ತೆಗೆದು ನೋಡಿದರು. ಹೆಚ್ಚಾಗಿ ಸುರಿಯುತ್ತಿದ್ದದ್ದು ಎಡಗಡೆಯದೇ. ಲ್ಯಾಪರೋಸ್ಕೋಪಿಯಲ್ಲಿ ಅದನ್ನು ತೆಗೆದರು. ಎರಡೂ ಕಡೆಯಿಂದ ಬರುತ್ತಿದ್ದರೆ ಆಪರೇಷನ್ ಅಲ್ಲ, ಆಲ್ಡೋಸ್ಟಿರೋನ್ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೇ ಮದ್ದು.

ಆಪರೇಷನ್ ಆದ ಮರುದಿನವೇ ಸಿರಪ್ ನಿಲ್ಲಿಸಿದರು. ಇಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದ ಬಲ ಗ್ರಂಥಿ ಏಳಲು ಕೆಲವು ವಾರ ಬೇಕು, ಅಷ್ಟರಲ್ಲಿ ಪೊಟ್ಯಾಸಿಯಂ ತೀರಾ ಏರಬಾರದು. ಅದಕ್ಕೇ ವಾರಕ್ಕೊಮ್ಮೆ ರಕ್ತ ನೋಡುತ್ತಿದ್ದೆ.

ಈಚೆಗೆ ಬಿಪಿ ಇರುವ ಪ್ರತಿಯೊಬ್ಬರಿಗೂ ನಾನು ಈ ಪರೀಕ್ಷೆ ಬರೆಯಲು ನೋಡುತ್ತೇನೆ, ಪೊಟ್ಯಾಸಿಯಂ ಸರಿ ಇದ್ದರೂ. ಈ ಕಾಯಿಲೆ ಇರುವ ಹೆಚ್ಚಿನವರಲ್ಲಿ ಪೊಟ್ಯಾಸಿಯಂ ಸರಿಯಾಗೇ ಇರುತ್ತದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2025ರ ಸಲಹೆಯೂ ಬಿಪಿ ಇರುವ ಎಲ್ಲರಿಗೂ ಮಾಡಿ ಅಂತಲೇ. ಖರ್ಚು ಎಲ್ಲರಿಗೂ ಆಗುವುದಿಲ್ಲ, ಅದು ನಿಜ. ಆಗದಿದ್ದರೆ ಮೂರು ಮಾತ್ರೆಗೂ ಬಗ್ಗದವರು, ಪೊಟ್ಯಾಸಿಯಂ ಕಡಿಮೆ ಇರುವವರು, ಚಿಕ್ಕ ವಯಸ್ಸಿನವರು ಮೊದಲು.

ಎರಡು ತಿಂಗಳ ಮೇಲೆ ಆಕೆ ಬಂದಾಗ ಪೊಟ್ಯಾಸಿಯಂ 4.3, ಬಿಪಿ 132/84. ಮಾತ್ರೆ ಒಂದೇ, ಆಮ್ಲೋಡಿಪಿನ್ 5. ಬಿಪಿ ಬಹಳ ವರ್ಷ ಇದ್ದವರಲ್ಲಿ ಒಂದೆರಡು ಮಾತ್ರೆ ಉಳಿಯುವುದು ಸಾಮಾನ್ಯ. ರಾತ್ರಿ ಏಳುವುದು ನಿಂತಿದೆ ಅಂದರು. ಮಿಷನ್ ತುಳಿಯುತ್ತಿದ್ದೀರಾ ಅಂತ ಕೇಳಿದೆ. "ಹಬ್ಬಕ್ಕೆ ಹದಿನಾರು ಬ್ಲೌಸ್ ಒಪ್ಕೊಂಡಿದ್ದೀನಿ ಡಾಕ್ಟ್ರೇ" ಅಂದರು.